Cr, Dr, ಬ್ರಾಕೆಟ್, ಮೈನಸ್: ಸ್ಟೇಟ್‌ಮೆಂಟ್ ಫೋಟೋದಲ್ಲಿ ಯಾವುದನ್ನು ಕೂಡಬೇಕು, ಯಾವುದನ್ನು ಕಳೆಯಬೇಕು

ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಪ್ರಿಂಟ್ ಮಾಡುವ ಒಬ್ಬರ ಲೆಕ್ಕ ನಾನು ಬರೆಯುತ್ತೇನೆ. ನಮ್ಮ ಆಫೀಸು ಗಾಂಧಿ ಬಜಾರ್ ಹತ್ತಿರ. ತಿಂಗಳಿಗೊಮ್ಮೆ ಅವರು ತಮ್ಮ ಓವರ್‌ಡ್ರಾಫ್ಟ್, ಅಂದರೆ ಓಡಿ ಅಕೌಂಟಿನ ಸ್ಟೇಟ್‌ಮೆಂಟನ್ನು ಫೈಲಿನಿಂದ ಬಿಚ್ಚದೆ ಹಾಗೇ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ನಾನು ಅದನ್ನು ಎಕ್ಸೆಲ್‌ಗೆ ಇಳಿಸಬೇಕು.

ಒಂದು ತಿಂಗಳು ಕೊನೆಯ ಸಾಲಿನ 18,100 ರೂಪಾಯಿಯನ್ನು ಅಕೌಂಟಿನಲ್ಲಿರುವ ದುಡ್ಡು ಅಂತ ಬರೆದುಬಿಟ್ಟೆ. ನಿಜವಾಗಿ ಅದು ಅವರು ಬ್ಯಾಂಕಿಗೆ ಕೊಡಬೇಕಾದ ದುಡ್ಡು. ಅಂಕಿಯ ಪಕ್ಕದಲ್ಲಿದ್ದ Dr ಫೋಟೋದ ಅಂಚಿನಲ್ಲಿ ಕಟ್ ಆಗಿತ್ತು. ಮುಂದಿನ ತಿಂಗಳು ಲೆಕ್ಕ ತಾಳೆ ಆಗಲಿಲ್ಲ. 36,200 ರೂಪಾಯಿ ವ್ಯತ್ಯಾಸ. ಆ ಮೊತ್ತದ ಎಂಟ್ರಿ ಎಲ್ಲಿ ಬಿಟ್ಟುಹೋಗಿದೆ ಅಂತ ಅರ್ಧ ದಿನ ಹುಡುಕಿದೆ. ಅಂಥ ಎಂಟ್ರಿಯೇ ಇರಲಿಲ್ಲ.

ಚಿಹ್ನೆ ತಪ್ಪಿದರೆ ವ್ಯತ್ಯಾಸ ಯಾವಾಗಲೂ ಮೊತ್ತದ ಎರಡರಷ್ಟು ಬರುತ್ತದೆ. ಕಳೆಯಬೇಕಾದ್ದನ್ನು ಕಳೆಯದೆ ಬಿಟ್ಟಿದ್ದು ಒಂದು ಪಾಲು, ಅದನ್ನೇ ಕೂಡಿದ್ದು ಇನ್ನೊಂದು ಪಾಲು. ಹಾಗಾಗಿ ಲೆಕ್ಕ ಕೂಡಿಬರದಿದ್ದಾಗ ನಾನು ಈಗ ಮೊದಲು ವ್ಯತ್ಯಾಸವನ್ನು ಅರ್ಧ ಮಾಡುತ್ತೇನೆ. 36,200ರ ಅರ್ಧ 18,100. ಅದನ್ನು ಹಾಳೆಯಲ್ಲಿ ಹುಡುಕಿದ್ದರೆ ಅವತ್ತು ಒಂದು ನಿಮಿಷದ ಕೆಲಸ.

ಮೊದಲು ಕೇಳಬೇಕಾದ್ದು: ಇದು ಯಾರ ಪುಸ್ತಕ?

ಅವರು ಒಮ್ಮೆ ಫೋನಿನಲ್ಲಿ ಕೇಳಿದ್ದರು, "ಏನ್ರೀ ಇದು, ನನ್ನ ದುಡ್ಡು ಬ್ಯಾಂಕಲ್ಲಿದ್ಯಾ, ಇಲ್ಲಾ ನಾನೇ ಬ್ಯಾಂಕಿಗೆ ಕೊಡಬೇಕಾ? ನಿಮ್ಮ ಟ್ಯಾಲಿಯಲ್ಲಿ Dr ಅಂದ್ರೆ ಇದೆ ಅಂತೀರಿ, ಅವರ ಪೇಪರಲ್ಲಿ Dr ಅಂದ್ರೆ ಇಲ್ಲ ಅಂತೀರಿ." ಪ್ರಶ್ನೆ ಸರಿಯಾಗೇ ಇದೆ, ಅಲ್ವಾ?

ಸ್ಟೇಟ್‌ಮೆಂಟ್ ಬ್ಯಾಂಕಿನ ಪುಸ್ತಕದ ಒಂದು ಹಾಳೆ. ನೀವು ದುಡ್ಡು ಕಟ್ಟಿದರೆ ಬ್ಯಾಂಕು ಅದನ್ನು ನಿಮಗೆ ವಾಪಸ್ ಕೊಡಬೇಕು. ಬ್ಯಾಂಕಿಗೆ ಅದು ಸಾಲ, ಹಾಗಾಗಿ Cr. ನೀವು ಬ್ಯಾಂಕಿನಿಂದ ಹೆಚ್ಚು ತೆಗೆದಿದ್ದರೆ ಅದು ಬ್ಯಾಂಕಿಗೆ ಬರಬೇಕಾದ ದುಡ್ಡು, ಹಾಗಾಗಿ Dr. ನಿಮ್ಮ ಸ್ವಂತ ಪುಸ್ತಕದಲ್ಲಿ ಇದು ತಿರುವುಮುರುವು. ಅಲ್ಲಿ ಬ್ಯಾಂಕಿನಲ್ಲಿರುವ ದುಡ್ಡು ನಿಮ್ಮ ಆಸ್ತಿ, ಆದ್ದರಿಂದ Dr.

ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ. ಸ್ಟೇಟ್‌ಮೆಂಟ್ ಇಳಿಸುವಾಗ ಕಸ್ಟಮರ್ ಕೈಗೆ ಬಂದದ್ದೆಲ್ಲ ಪ್ಲಸ್, ಕೈಬಿಟ್ಟು ಹೋದದ್ದೆಲ್ಲ ಮೈನಸ್. ಶಿಲ್ಕು ಅವರದಾದರೆ ಪ್ಲಸ್, ಬ್ಯಾಂಕಿಗೆ ಬಾಕಿಯಾದರೆ ಮೈನಸ್. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಅಂದರೆ Cr ಪ್ಲಸ್, Dr ಮೈನಸ್. ಟ್ಯಾಲಿಗೆ ಹಾಕುವಾಗಿನ ತಿರುವುಮುರುವು ಆಮೇಲಿನ ಕೆಲಸ. ಎರಡನ್ನೂ ಒಟ್ಟಿಗೆ ಮಾಡಲು ಹೋದರೆ ತಲೆ ಕೆಡುತ್ತದೆ.

ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟಿಗೂ ಇದೇ ನಿಯಮ ಸಾಕು, ಆದರೆ ನೋಟ ಬೇರೆ. ಅಲ್ಲಿ ಸಾಮಾನ್ಯವಾಗಿ ಖರ್ಚಿನ ಪಕ್ಕದಲ್ಲಿ ಏನೂ ಇರುವುದಿಲ್ಲ. ನೀವು ಕಟ್ಟಿದ ದುಡ್ಡು, ರೀಫಂಡು, ಕ್ಯಾಶ್‌ಬ್ಯಾಕ್ ಇವಕ್ಕೆ ಮಾತ್ರ Cr. ಅಂದರೆ ಕಾರ್ಡಿನಲ್ಲಿ ಗುರುತು ಇಲ್ಲದ ಅಂಕಿಯೇ ಮೈನಸ್. ಒಟ್ಟು ಬಾಕಿಯ ಪಕ್ಕದಲ್ಲೇ Cr ಇದ್ದರೆ ನೀವು ಜಾಸ್ತಿ ಕಟ್ಟಿದ್ದೀರಿ ಅಂತ ಅರ್ಥ.

ಫೋಟೋ

ಬಾಲದಲ್ಲಿ ಬರುವ ಗುರುತು ಹಾಳೆಯ ಬಲ ಅಂಚಿಗೆ ಅಂಟಿಕೊಂಡಿರುತ್ತದೆ. ಹಾಳೆ ಮಡಚಿದರೆ, ಫೋನು ಓರೆಯಾದರೆ, ಮೊದಲು ಹೋಗುವುದು ಅದೇ. ಅಂಕಿ ಪೂರ್ತಿ ಕಾಣುತ್ತದೆ, ಗುರುತು ಇರುವುದಿಲ್ಲ. ಏನೋ ಕಾಣೆಯಾಗಿದೆ ಅಂತ ಅನ್ನಿಸುವುದೂ ಇಲ್ಲ. ಅದಕ್ಕೇ ಫೋಟೋ ಬಂದ ಕೂಡಲೇ ನಾನು ಮೊದಲು ಬಲ ಅಂಚು ನೋಡುತ್ತೇನೆ. ಎಲ್ಲ ಸಾಲಿನ ಕೊನೆಯಲ್ಲೂ ಬಿಳಿ ಜಾಗ ಕಾಣಬೇಕು.

ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಗಾತ್ರ ಕುಗ್ಗಿ ಮಸುಕಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಬ್ಯಾಂಕಿನ ಪಿಡಿಎಫ್ ಇದ್ದರೆ ಫೋಟೋನೇ ಬೇಡ. ಅದರಲ್ಲಿ ಅಕ್ಷರಗಳನ್ನು ನೇರವಾಗಿ ಕಾಪಿ ಮಾಡಬಹುದು.

ಬರೆದದ್ದನ್ನು ಬರೆದ ಹಾಗೇ ಇಳಿಸಿ

ಫೋಟೋದಿಂದ ಅಕ್ಷರ ತೆಗೆಯುವ ಸಾಫ್ಟ್‌ವೇರ್ ಯಾವುದೇ ಇರಲಿ, ಬಂದದ್ದನ್ನು ನೇರವಾಗಿ ಎಕ್ಸೆಲ್‌ಗೆ ಸುರಿಯಬೇಡಿ. ಮೊದಲು ಕಾಲಂನ ಫಾರ್ಮ್ಯಾಟನ್ನು Text ಮಾಡಿ, ಆಮೇಲೆ ಪೇಸ್ಟ್ ಮಾಡಿ. ಇಲ್ಲದಿದ್ದರೆ ಎಕ್ಸೆಲ್ `(590.00)` ಅನ್ನು ತಾನೇ -590 ಮಾಡಿಕೊಳ್ಳುತ್ತದೆ. ಆದರೆ `590.00Dr` ಅದಕ್ಕೆ ಅರ್ಥವಾಗುವುದಿಲ್ಲ, ಅಕ್ಷರವಾಗಿ ಬಿಡುತ್ತದೆ. ಆಮೇಲೆ SUM ಹಾಕಿದರೆ ಅಕ್ಷರವಿರುವ ಸೆಲ್ಲನ್ನು ಸುಮ್ನೆ ದಾಟಿ ಹೋಗುತ್ತದೆ, ಎರರ್ ಕೂಡ ತೋರಿಸುವುದಿಲ್ಲ. ಒಟ್ಟು ಮೊತ್ತ ಏನೋ ಒಂದು ಬರುತ್ತದೆ, ನೀವು ನಂಬುತ್ತೀರಿ.

ಫೋಟೋದಿಂದ ಬಂದ ಗುರುತುಗಳಲ್ಲಿ ಏನೇನು ಕೆಡುತ್ತದೆ ಅಂತ ಗೊತ್ತಿದ್ದರೆ ಕಣ್ಣು ತಾನಾಗೇ ಅಲ್ಲಿಗೆ ಹೋಗುತ್ತದೆ. Dr ಎನ್ನುವುದು Or ಅಥವಾ 0r ಆಗಿ ಬರುತ್ತದೆ. ಇದರಲ್ಲಿ ಸೊನ್ನೆಯಾಗಿ ಬಂದದ್ದು ಅಪಾಯ, ಯಾಕೆಂದರೆ ಅದು ಅಂಕಿಗೆ ಸೇರಿಕೊಂಡು `1,42,600.000r` ಆಗುತ್ತದೆ. ಪಾಯಿಂಟ್ ಆದ ಮೇಲೆ ಮೂರು ಅಂಕಿ ಕಂಡರೆ ಬಾಲದ ಗುರುತು ಒಳಗೆ ನುಗ್ಗಿದೆ ಅಂತ ತಿಳಿಯಿರಿ. ಪೈಸೆ ಎರಡೇ ಅಂಕಿ ತಾನೇ.

ಬ್ರಾಕೆಟ್ಟಿಗೆ ಇನ್ನೊಂದು ಚಾಳಿ. ಸಾಫ್ಟ್‌ವೇರಿನ ಕಣ್ಣಿಗೆ ಅದು ಒಂದು ಅಂತ ಕಾಣುತ್ತದೆ. `(25,000.00)` ಇದ್ದದ್ದು `125,000.00` ಆಗಿ ಬರುತ್ತದೆ. ಇಲ್ಲಿ ನಮ್ಮ ಕಾಮಾ ಕಾಪಾಡುತ್ತದೆ. ನಮ್ಮಲ್ಲಿ ಒಂದು ಲಕ್ಷ ಇಪ್ಪತ್ತೈದು ಸಾವಿರವನ್ನು 1,25,000 ಅಂತ ಪ್ರಿಂಟ್ ಮಾಡುತ್ತಾರೆ. ಕಾಮಾ ತಪ್ಪು ಜಾಗದಲ್ಲಿದ್ದರೆ ಮುಂದಿನ 1 ನಿಜವಾದ ಒಂದಲ್ಲ. ಆದರೆ `(1,25,000.00)` ಇದ್ದದ್ದು `11,25,000.00` ಆಗಿ ಬಂದರೆ ಕಾಮಾ ಕೂಡ ಸರಿಯಾಗೇ ಕಾಣುತ್ತದೆ. ಅದನ್ನು ಹಿಡಿಯಲು ಬ್ಯಾಲೆನ್ಸ್ ಒಂದೇ ದಾರಿ. ಅಲ್ಲಿಗೆ ಬರುತ್ತೇನೆ.

ಮೈನಸ್ ತೆಳು ಗೆರೆ. ಜೆರಾಕ್ಸ್‌ನಲ್ಲಿ ಮಾಯವಾಗಬಹುದು, ಟೇಬಲ್ಲಿನ ಗೆರೆಗೆ ಅಂಟಿಕೊಂಡೂ ಹೋಗಬಹುದು. ಬಂದರೂ ಒಂದೇ ರೂಪದಲ್ಲಿ ಬರುವುದಿಲ್ಲ. ಕೀಬೋರ್ಡಿನ `-` ಬೇರೆ, ಸ್ವಲ್ಪ ಉದ್ದನೆಯ `–` ಬೇರೆ, ಗಣಿತದ `−` ಬೇರೆ. ನೋಡಲು ಒಂದೇ. ಮೊದಲನೆಯದು ಬಿಟ್ಟು ಉಳಿದವಿರುವ ಸೆಲ್ಲನ್ನು ಎಕ್ಸೆಲ್ ಸಂಖ್ಯೆ ಅಂತ ಒಪ್ಪುವುದಿಲ್ಲ. Ctrl+H ಒತ್ತಿ ಎಲ್ಲವನ್ನೂ ಕೀಬೋರ್ಡಿನ ಮೈನಸ್‌ಗೆ ಬದಲಾಯಿಸಿ. ಕೆಲವು ಕಂಪನಿ ಲೆಡ್ಜರುಗಳಲ್ಲಿ `590.00-` ಅಂತ ಮೈನಸ್ ಹಿಂದೆ ಬರುತ್ತದೆ. ಅದಕ್ಕೆ ಎಕ್ಸೆಲ್‌ನ Text to Columns ಮೂರನೇ ಹಂತದಲ್ಲಿ Advanced ಒತ್ತಿದರೆ Trailing minus for negative numbers ಅಂತ ಒಂದು ಟಿಕ್ ಇದೆ.

ಆದರೆ ಟಿಕ್ ಹಾಕುವ ಮುಂಚೆ ಒಂದು ಎಚ್ಚರ. ನಮ್ಮ ಜನ ಕೈಯಲ್ಲಿ ಬರೆಯುವಾಗ `5000/-` ಅಂತ ಬರೆಯುತ್ತಾರೆ. ನಮ್ಮ ಲಗ್ನಪತ್ರಿಕೆ ಸಾರ್ ಸ್ಟೇಟ್‌ಮೆಂಟ್ ಅಂಚಿನಲ್ಲಿ ಪೆನ್ನಿನಿಂದ ಹಾಗೆ ಬರೆದುಕೊಳ್ಳುತ್ತಾರೆ, ಯಾರಿಗೆ ಎಷ್ಟು ಕೊಟ್ಟೆ ಅಂತ. ಓರೆ ಗೆರೆ ಮಸುಕಾಗಿ ಅದು `5000-` ಆಗಿ ಬಂದರೆ ಮೈನಸ್ ಐದು ಸಾವಿರ ಆಯಿತು! ಅದು ಮೈನಸ್ ಅಲ್ಲ, ಯಾರೂ ಮುಂದೆ ಅಂಕಿ ಸೇರಿಸದಿರಲಿ ಅಂತ ಎಳೆದ ಗೆರೆ. ಅದೇ ರೀತಿ ಒಂದು ಕಾಲಂನಲ್ಲಿ ಬರೀ `-` ಇದ್ದರೆ ಅದು ಸೊನ್ನೆ.

ಒಂದು ಹಾಳೆ, ಪೂರ್ತಿ

ಮೇಲೆ ಹೇಳಿದ ಆ ತಿಂಗಳ ಹಾಳೆಯ ಥರದ್ದೇ ಒಂದು ತುಣುಕು ಇಲ್ಲಿದೆ. ಮೊತ್ತಕ್ಕೆ ಒಂದೇ ಕಾಲಂ, ಬ್ಯಾಲೆನ್ಸಿಗೆ ಒಂದು ಕಾಲಂ, ಎರಡರಲ್ಲೂ ಬಾಲದ ಗುರುತು.

```
B/F                                1,42,600.00Dr
05-06  UPI          18,500.00Cr    1,24,100.00Dr
06-06  CHQ PAID     64,000.00Dr    1,88,100.00Dr
08-06  NEFT       2,10,000.00Cr      21,900.00Cr
10-06  CHQ RTN CHG     590.00Dr      21,310.00Cr
11-06  CHG REV        (590.00)Dr     21,900.00Cr
13-06  CHQ PAID     40,000.00Dr      18,100.00Dr
```

11ನೇ ತಾರೀಕಿನ ಸಾಲು ನೋಡಿ. ಚೆಕ್ ವಾಪಸ್ ಬಂದದ್ದಕ್ಕೆ 500 ರೂಪಾಯಿ ಚಾರ್ಜು, ಅದರ ಮೇಲೆ 18% ಜಿಎಸ್‌ಟಿ 90, ಒಟ್ಟು 590 ಹಿಡಿದಿದ್ದರು. ಕೇಳಿದ ಮೇಲೆ ವಾಪಸ್ ಹಾಕಿದರು. ಆದರೆ ಅದನ್ನು Cr ಅಂತ ತೋರಿಸಲಿಲ್ಲ, Dr ಅನ್ನೇ ಬ್ರಾಕೆಟ್ಟಿನಲ್ಲಿಟ್ಟು ತೋರಿಸಿದರು. Dr ಅಂದರೆ ಮೈನಸ್, ಬ್ರಾಕೆಟ್ ಅಂದರೂ ಮೈನಸ್. ಮೈನಸ್ಸಿನ ಮೈನಸ್ ಪ್ಲಸ್. ಬ್ಯಾಲೆನ್ಸ್ 21,310ರಿಂದ 21,900ಕ್ಕೆ ಏರಿದ್ದೇ ಸಾಕ್ಷಿ.

ಹಾಗಂತ ಬ್ರಾಕೆಟ್ಟೂ Dr ಎರಡೂ ಇದ್ದ ಕಡೆಯೆಲ್ಲ ಪ್ಲಸ್ ಅಂತ ಹಿಡಿಯಬೇಡಿ. ಬ್ಯಾಲೆನ್ಸ್ ಕಾಲಂನಲ್ಲಿ `(18,100.00)Dr` ಅಂತ ಇದ್ದರೆ ಅಲ್ಲಿ ಎರಡು ಗುರುತೂ ಒಂದೇ ಮಾತನ್ನು ಎರಡು ಸಲ ಹೇಳುತ್ತಿವೆ: ಬಾಕಿ ಇದೆ. ಅದು ಒಂದೇ ಮೈನಸ್. ಮೊತ್ತದ ಕಾಲಂನಲ್ಲಿ ಬ್ರಾಕೆಟ್ ಆ ಎಂಟ್ರಿಯನ್ನು ತಿರುಗಿಸುತ್ತದೆ, ಬ್ಯಾಲೆನ್ಸ್ ಕಾಲಂನಲ್ಲಿ ಸುಮ್ನೆ ಒತ್ತಿ ಹೇಳುತ್ತದೆ. ನನಗೆ ಇದು ಅರ್ಥವಾಗಲು ವರ್ಷಗಳೇ ಬೇಕಾದವು, ಯಾಕೆಂದರೆ ಯಾವ ಹಾಳೆಯ ಕೆಳಗೂ ಇದನ್ನು ಬರೆದಿರುವುದಿಲ್ಲ.

ಇನ್ನೊಂದು ಬಗೆ ಇದೆ. ಕಾಲಂ ತಲೆಯಲ್ಲೇ ವಿತ್‌ಡ್ರಾವಲ್, ಡೆಪಾಸಿಟ್ ಅಂತ ಬೇರೆ ಬೇರೆ ಇದ್ದರೆ ಅಂಕಿಗೆ ಗುರುತು ಇರುವುದಿಲ್ಲ. ತಲೆಬರಹವೇ ಗುರುತು. ಅಲ್ಲಿ ವಿತ್‌ಡ್ರಾವಲ್ ಕಾಲಂನಲ್ಲಿ ಮೈನಸ್ ಅಂಕಿ ಕಂಡರೆ ಅದೂ ವಾಪಸ್ ಬಂದ ದುಡ್ಡೇ.

ಎಕ್ಸೆಲ್‌ನಲ್ಲಿ ಜೋಡಣೆ

A ಕಾಲಂನಲ್ಲಿ ತಾರೀಕು, B ಯಲ್ಲಿ ಫೋಟೋದಲ್ಲಿದ್ದ ಹಾಗೇ ಮೊತ್ತ, E ಯಲ್ಲಿ ಇದ್ದ ಹಾಗೇ ಬ್ಯಾಲೆನ್ಸ್. B ಮತ್ತು E ಎರಡೂ Text. ಎರಡನೇ ಸಾಲು ಆರಂಭದ ಶಿಲ್ಕು, ಮೂರನೇ ಸಾಲಿನಿಂದ ಎಂಟ್ರಿಗಳು. ಉಳಿದ ಕಾಲಂಗಳ ಫಾರ್ಮ್ಯಾಟ್ General ಇರಲಿ. C ಯಲ್ಲಿ ಗುರುತೆಲ್ಲ ಸುಲಿದು ಬರೀ ಅಂಕಿ:

```
=VALUE(SUBSTITUTE(SUBSTITUTE(SUBSTITUTE(SUBSTITUTE(SUBSTITUTE(UPPER(B3),"DR",""),"CR",""),"(",""),")",""),",",""))
```

D ಯಲ್ಲಿ ಚಿಹ್ನೆ ಮಾತ್ರ, 1 ಅಥವಾ -1:

```
=IF(RIGHT(TRIM(B3),2)="DR",-1,IF(RIGHT(TRIM(B3),2)="CR",1,NA()))*IF(LEFT(TRIM(B3),1)="(",-1,1)
```

ಕೊನೆಯ ತುಂಡು ಬ್ರಾಕೆಟ್ಟಿಗೆ. F ನಲ್ಲಿ ಚಿಹ್ನೆ ಸಮೇತ ಬ್ಯಾಲೆನ್ಸ್ ಬರಬೇಕು. ಇದೇ ಎರಡು ಸೂತ್ರಗಳನ್ನು E ಕಾಲಂಗೆ ಬರೆದು ಗುಣಿಸಿ, ಆದರೆ ಬ್ರಾಕೆಟ್ಟಿನ ಕೊನೆಯ ತುಂಡು ಬಿಟ್ಟು. ಬ್ಯಾಲೆನ್ಸಿನಲ್ಲಿ ಅದು ತಿರುಗಿಸುವುದಿಲ್ಲ ಅಂತ ಆಗಲೇ ಹೇಳಿದೆನಲ್ಲ. F ಎರಡನೇ ಸಾಲಿನಿಂದಲೇ ಶುರುವಾಗಬೇಕು.

NA() ಯಾಕೆ ಅಂತ ಕೇಳಬಹುದು. Dr ಅಲ್ಲದ್ದೆಲ್ಲ ಪ್ಲಸ್ ಅಂತ ಬರೆದುಬಿಟ್ಟರೆ ಸೂತ್ರ ಚಿಕ್ಕದಾಗುತ್ತದೆ, ನಿಜ. ಆದರೆ ಕಟ್ ಆದ ಗುರುತೆಲ್ಲ ಪ್ಲಸ್ ಆಗಿಬಿಡುತ್ತದೆ. ನನ್ನ 18,100 ಹಾಗೇ ಆದದ್ದು. ಗುರುತು ಓದಲಾಗದಿದ್ದರೆ ಸೆಲ್ಲಿನಲ್ಲಿ #N/A ಅಂತ ಕಿರುಚಲಿ, ಊಹೆ ಮಾಡುವುದು ಬೇಡ.

G ಯಲ್ಲಿ ತಾಳೆ:

```
=ROUND(F3-F2-C3*D3,2)
```

ಎಲ್ಲ ಸಾಲಿನಲ್ಲೂ ಸೊನ್ನೆ ಬರಬೇಕು. ನಮ್ಮ ಹಾಳೆಯಲ್ಲಿ 8ನೇ ತಾರೀಕಿಗೆ F3 ಥರದ ಜಾಗದಲ್ಲಿ 21,900, ಅದರ ಹಿಂದಿನದು -1,88,100, ಮೊತ್ತ 2,10,000. 21,900 ಕ್ಕೆ 1,88,100 ಸೇರಿಸಿ 2,10,000 ಕಳೆದರೆ ಸೊನ್ನೆ. ಸರಿ. ಹೊಸ ಎಂಟ್ರಿ ಮೇಲೆ, ಹಳೆಯದು ಕೆಳಗೆ ಬರುವ ಸ್ಟೇಟ್‌ಮೆಂಟ್ ಆದರೆ ಮೊದಲು ಸಾಲುಗಳನ್ನು ತಲೆಕೆಳಗು ಮಾಡಿಕೊಳ್ಳಿ. ಇಲ್ಲದಿದ್ದರೆ ಎಲ್ಲ ಸಾಲೂ ತಪ್ಪು ತೋರಿಸುತ್ತದೆ.

ಒಂದೇ ಸಾಲಿನಲ್ಲಿ ಸೊನ್ನೆ ಬರದೆ ಉಳಿದವು ಸರಿಯಿದ್ದರೆ ಆ ಸಾಲಿನ ಮೊತ್ತ ಕೆಟ್ಟಿದೆ. ಅದು ಮೊದಲ ಎಂಟ್ರಿಯಾದರೆ ಆರಂಭದ ಶಿಲ್ಕು, ಕೊನೆಯ ಎಂಟ್ರಿಯಾದರೆ ಅದರ ಬ್ಯಾಲೆನ್ಸ್ ಕೂಡ ಕೆಟ್ಟಿರಬಹುದು. ಬಂದ ಅಂಕಿ ಮೊತ್ತದ ಎರಡರಷ್ಟಿದ್ದರೆ ಚಿಹ್ನೆಯದೇ ತಪ್ಪು. ಪಕ್ಕಪಕ್ಕದ ಎರಡು ಸಾಲಿನಲ್ಲಿ ಒಂದೇ ಅಂಕಿ, ಒಂದು ಕಡೆ ಪ್ಲಸ್ ಒಂದು ಕಡೆ ಮೈನಸ್ ಬಂದರೆ ಮೊತ್ತ ಸರಿಯಿದೆ, ನಡುವಿನ ಬ್ಯಾಲೆನ್ಸ್ ಕೆಟ್ಟಿದೆ. ಈ ಎರಡು ಲಕ್ಷಣ ನೋಡಿದರೆ ಎಲ್ಲಿ ಕಣ್ಣು ಹಾಯಿಸಬೇಕು ಅಂತ ಗೊತ್ತಾಗುತ್ತದೆ.

ಗುರುತೆಲ್ಲ ಹೋಗಿದ್ದರೆ?

ಇದು ನನಗೆ ಇಷ್ಟವಾದ ಭಾಗ. ಬಲ ಅಂಚು ಪೂರ್ತಿ ಕಟ್ ಆಗಿದೆ, ಮೊತ್ತದ ಪಕ್ಕದ ಗುರುತೂ ಮಸುಕು ಅಂತ ಇಟ್ಟುಕೊಳ್ಳಿ. ಕೈಯಲ್ಲಿರುವುದು ಬರೀ ಅಂಕಿಗಳು. ಬ್ಯಾಲೆನ್ಸ್ 1,42,600, 1,24,100, 1,88,100, 21,900, 21,310, 21,900, 18,100. ಮೊತ್ತ 18,500, 64,000, 2,10,000, 590, 590, 40,000.

ಅಕ್ಕಪಕ್ಕದ ಎರಡು ಬ್ಯಾಲೆನ್ಸ್ ತೆಗೆದುಕೊಳ್ಳಿ. 1,42,600ರಲ್ಲಿ 1,24,100 ಕಳೆದರೆ 18,500. ಮೊತ್ತ ಸಿಕ್ಕಿತು. ಕಳೆದಾಗ ಮೊತ್ತ ಸಿಕ್ಕರೆ ಎರಡು ಬ್ಯಾಲೆನ್ಸೂ ಒಂದೇ ಪಕ್ಷದವು. 64,000ವೂ ಹಾಗೇ ಕಳೆದಾಗ ಸಿಗುತ್ತದೆ. ಮುಂದಿನದು 1,88,100 ಮತ್ತು 21,900. ಕಳೆದರೆ 1,66,200, ಮೊತ್ತ ಅದಲ್ಲ. ಕೂಡಿದರೆ 2,10,000. ಸಿಕ್ಕಿತು! ಕೂಡಿದಾಗ ಮೊತ್ತ ಸಿಕ್ಕರೆ ಅಕೌಂಟು ಸೊನ್ನೆಯನ್ನು ದಾಟಿ ಆಚೆ ಪಕ್ಷಕ್ಕೆ ಹೋಗಿದೆ. ನಡುವಿನ ಎರಡು 590 ಕಳೆದಾಗ ಸಿಗುತ್ತವೆ. ಕೊನೆಯಲ್ಲಿ 21,900 ಮತ್ತು 18,100 ಕೂಡಿದರೆ 40,000. ಮತ್ತೆ ದಾಟಿತು.

ಹಾಗಾದರೆ ಮೊದಲ ಮೂರು ಬ್ಯಾಲೆನ್ಸ್ ಒಂದು ಪಕ್ಷ, ನಡುವಿನ ಮೂರು ಇನ್ನೊಂದು ಪಕ್ಷ, ಕೊನೆಯದು ಮತ್ತೆ ಮೊದಲ ಪಕ್ಷ. ಯಾವ ಪಕ್ಷ Cr, ಯಾವುದು Dr ಅನ್ನುವುದು ಮಾತ್ರ ಬಾಕಿ. ಅದನ್ನು ಲೆಕ್ಕ ಹೇಳುವುದಿಲ್ಲ. ಎಲ್ಲ ಚಿಹ್ನೆಯನ್ನೂ ಒಟ್ಟಿಗೆ ತಿರುಗಿಸಿದರೂ G ಕಾಲಂನಲ್ಲಿ ಸೊನ್ನೆಯೇ ಬರುತ್ತದೆ. ತಾಳೆ ಆಯಿತು ಅಂತ ಕೂತರೆ ಇಡೀ ಹಾಳೆ ತಲೆಕೆಳಗಾಗಿರಬಹುದು.

ಅದಕ್ಕೆ ಒಂದು ಗೂಟ ಬೇಕು. ಯಾವ ಕಡೆಗೆ ಹೋಗಬೇಕು ಅಂತ ಹಾಳೆಯ ಹೊರಗಿನಿಂದಲೇ ಗೊತ್ತಿರುವ ಒಂದು ಸಾಲು. ಚಾರ್ಜು ಯಾವಾಗಲೂ ಕಸ್ಟಮರ್ ದುಡ್ಡನ್ನೇ ಕಳೆಯುತ್ತದೆ. ಓಡಿಯ ಬಡ್ಡಿಯೂ ಅಷ್ಟೇ. ಕ್ಯಾಶ್ ಕಟ್ಟಿದ್ದು ಯಾವಾಗಲೂ ಸೇರುತ್ತದೆ. ನಮ್ಮ ಹಾಳೆಯಲ್ಲಿ 10ನೇ ತಾರೀಕಿನ ಚಾರ್ಜಿನಿಂದ ಬ್ಯಾಲೆನ್ಸ್ 21,900ರಿಂದ 21,310ಕ್ಕೆ ಇಳಿಯಿತು. ಚಾರ್ಜು ಹಿಡಿದಾಗ ಇಳಿಯುವುದು ಕಸ್ಟಮರ್ ದುಡ್ಡು, ಬಾಕಿಯಾದರೆ ಏರಬೇಕಿತ್ತು. ಅಂದರೆ ನಡುವಿನ ಮೂರು Cr, ಉಳಿದದ್ದು Dr. ಕೊನೆಯ 18,100 ಬಾಕಿ. ಗುರುತು ಒಂದೂ ಇಲ್ಲದೆ ಪೂರ್ತಿ ಹಾಳೆ ವಾಪಸ್ ಬಂತು.

ಗೂಟವಾಗಿ NEFT, UPI ಸಾಲು ಬೇಡ. ಅವು ಎರಡೂ ಕಡೆಗೆ ಹೋಗುತ್ತವೆ. ಚೆಕ್ಕೂ ಅಷ್ಟೇ, ನೀವು ಕೊಟ್ಟದ್ದೋ ನಿಮಗೆ ಬಂದದ್ದೋ ಅಂತ ವಿವರದಲ್ಲಿ ಸ್ಪಷ್ಟವಾಗಿ ಇಲ್ಲದಿದ್ದರೆ ನಂಬಬೇಡಿ.

ಬ್ಯಾಲೆನ್ಸ್ ಕಾಲಂ ಇಲ್ಲದ ಕ್ರೆಡಿಟ್ ಕಾರ್ಡಿನಲ್ಲಿ ಸಾಲುಸಾಲಾಗಿ ತಾಳೆ ನೋಡಲಾಗುವುದಿಲ್ಲ. ಅಲ್ಲಿ ಹಳೆಯ ಬಾಕಿಗೆ ಹೊಸ ಖರ್ಚು ಮತ್ತು ಚಾರ್ಜು ಕೂಡಿ, Cr ಸಾಲುಗಳನ್ನು ಕಳೆದರೆ ಹೊಸ ಬಾಕಿ ಬರಬೇಕು. ಬರದಿದ್ದರೆ ವ್ಯತ್ಯಾಸದ ಅರ್ಧವನ್ನು ಹುಡುಕಿ. ಒಂದೇ ತಪ್ಪಿದ್ದರೆ ಸಿಗುತ್ತದೆ. ಎರಡು ಮೂರು ಸಾಲು ಒಟ್ಟಿಗೆ ತಪ್ಪಿದ್ದರೆ ಅರ್ಧ ಮಾಡಿದ ಅಂಕಿ ಯಾವ ಸಾಲಿಗೂ ಹೊಂದುವುದಿಲ್ಲ. ಆಗ ಒಂದೊಂದೇ ಸಾಲು ನೋಡಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಸಾಲಿನ ಮೊತ್ತವೂ ಅದರ ಬ್ಯಾಲೆನ್ಸೂ ಎರಡೂ ಮಸುಕಾಗಿದ್ದರೆ ನಾನು ಊಹಿಸುವುದಿಲ್ಲ. ಮುಂದಿನ ಸಾಲಿನಿಂದ ಹಿಂದಕ್ಕೆ ಲೆಕ್ಕ ಹಾಕಿ ಅಂಕಿ ತೆಗೆಯಬಹುದು, ಆದರೆ ಅದು ಹಾಳೆಯಲ್ಲಿ ಓದಿದ್ದಲ್ಲ, ನಾನು ತುಂಬಿದ್ದು. ಆ ಸೆಲ್ಲಿಗೆ ಹಳದಿ ಬಣ್ಣ ಹಾಕಿ ಫೋನ್ ಮಾಡುತ್ತೇನೆ: "ಸಾರ್, ಎಂಟನೇ ತಾರೀಕಿನ ಸಾಲು ಮತ್ತೊಂದು ಸಲ ಫೋಟೋ ತೆಗೆದು ಕಳಿಸ್ತೀರಾ? ಹಾಳೆನ ಫೈಲಿಂದ ಬಿಚ್ಚಿ ತೆಗೀರಿ, ಬಲಗಡೆ ಅಂಚು ಪೂರ್ತಿ ಬರ್ಲಿ."